ಮರೆಮಾಡಿದ ಕಮೆಂಟು, ಹರಿದ ಎಳೆ

ನಮ್ಮ ಅತ್ತೆ ಬೆಟಗೇರಿಯ ಮನೆಯಲ್ಲಿ ಕೈಮಗ್ಗದ ಸೀರೆ ನೇಯುತ್ತಾರೆ. ಅದರ ವಿಡಿಯೊ ಮಾಡಿ ಫೇಸ್‌ಬುಕ್ ಪೇಜಿಗೆ ಹಾಕುವುದು ನನ್ನ ಕೆಲಸ. ಓಣಿಯ ಇನ್ನೂ ಐದು ಮನೆಯ ಸೀರೆಗಳು ಅದೇ ಪೇಜಿನಿಂದ ಹೋಗುತ್ತವೆ. ಕಮೆಂಟುಗಳ ಕಾವಲೂ ನನ್ನದೇ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನನಗೆ ಅದನ್ನು ಒಪ್ಪಿಸಿದ್ದೇ ತಪ್ಪು.

ನಗುವ ಮುಖ ಒತ್ತಿ ಹೋಗುವವರನ್ನು, ಈಗ ಸೀರೆ ಯಾರು ಉಡುತ್ತಾರೆ ಎನ್ನುವವರನ್ನು ನಾನು ಬಿಟ್ಟುಬಿಡುತ್ತಿದ್ದೆ. ಉತ್ತರ ಕೊಟ್ಟಷ್ಟೂ ಅವರಿಗೆ ಹುರುಪು. ಅತ್ತೆಯ ಮೈಮುಖದ ಬಗ್ಗೆ ಹೊಲಸು ಬರೆದರೆ ಮರೆಮಾಡುತ್ತಿದ್ದೆ. ಅಳಿಸಿದರೆ ಗೊತ್ತಾಗಿ ಮತ್ತೆ ಬರುತ್ತಾರೆ. ಮರೆಮಾಡಿದರೆ ಬರೆದವನಿಗೂ ಅವನ ಗೆಳೆಯರಿಗೂ ಮಾತ್ರ ಕಾಣುತ್ತದೆ, ಗೆದ್ದೆನೆಂದುಕೊಂಡು ಸುಮ್ಮನಿರುತ್ತಾನೆ.

ಒಂದು ಮಧ್ಯಾಹ್ನ ವಿಡಿಯೊ ಒಂದರ ಕೆಳಗೆ ಒಬ್ಬ ಬರೆದ: 'ಅಂಚಿನಾಗ ಎಳಿ ಹರದೈತಿ. ಪವರ್‌ಲೂಮ್ ಸೀರಿ ತಂದು ಮುದುಕಿನ್ನ ಮಗ್ಗದ ಮುಂದ ಕುಂಡ್ರಿಸ್ಯಾರ. ನಾಟಕ!' ಮುದುಕಿ ಎಂದದ್ದಕ್ಕೇ ನನ್ನ ಮೈ ಉರಿಯಿತು. ಹಿಂದೆಮುಂದೆ ನೋಡದೆ ಮರೆಮಾಡಿದೆ.

ಮರುದಿನ ಅವನು ಬೇರೆಯವರ ಫೋನಿನಲ್ಲಿ ತನ್ನ ಕಮೆಂಟು ಕಾಣದ್ದನ್ನು ನೋಡಿ ಪತ್ತೆಹಚ್ಚಿದ. 'ಖರೆ ಹೇಳಿದ್ರ ಮುಚ್ಚತಾರ' ಎಂದು ಹೊಸದಾಗಿ ಬರೆದ. ಸಂಜೆಯೊಳಗೆ ನಮ್ಮ ಹಳೆಯ ಗಿರಾಕಿಯೊಬ್ಬರೇ, 'ಖರೇನ ಕೈಮಗ್ಗದ್ದೇನ್ರಿ?' ಎಂದು ಕೇಳಿದರು. ಆ ನಂಬಿಕೆ ಹೋದರೆ ಆರು ಮನೆಯ ಮಗ್ಗಗಳೂ ಸುಮ್ಮನಾಗುತ್ತವೆ.

ಉದ್ದನೆಯ ಉತ್ತರ ಬರೆದು ಅತ್ತೆಗೆ ಓದಿದೆ: 'ಮಾನ್ಯರೇ, ತಮ್ಮ ಆರೋಪ ಸಂಪೂರ್ಣ ನಿರಾಧಾರವಾಗಿದ್ದು...'

ಅವರು ಮಗ್ಗದ ಲಾಳಿ ನಿಲ್ಲಿಸಿ ನಕ್ಕರು. "ಇದು ಕಚೇರಿ ನೋಟಿಸ್ ಏನವಾ? ಎಳಿ ಹರದಿದ್ದು ಖರೆ ಐತಲ್ಲ?"

"ಖರೆ ಐತ್ರಿ. ಆದ್ರ ನಿಮಗ ಮುದುಕಿ ಅಂದಾನ್ರಿ."

"ಮುದುಕಿ ಅಲ್ಲೇನ ನಾ? ಹೊಲಸ ಬೈದವ್ರನ್ನ ಮುಚ್ಚು. ಸೀರಿ ತಪ್ಪು ತೋರ್ಸಿದವ್ನ ಮುಚ್ಚಬ್ಯಾಡ. ಮುಚ್ಚಿದ್ದನ್ನ ತಗಿ, ನಾ ಹೇಳಿದ್ದು ಬರಿ. ಮರ್ಯಾದಿ 'ರಿ' ಬಿಡಬ್ಯಾಡ ಮತ್ತ."

ಕಮೆಂಟನ್ನು ಮತ್ತೆ ಎಲ್ಲರಿಗೂ ಕಾಣುವಂತೆ ಮಾಡಿ, ಅದರ ಕೆಳಗೇ ಬರೆದೆ: 'ಮುಚ್ಚಿದ್ದು ನಮ್ಮ ತಪ್ಪುರಿ. ಎಳಿ ಹರದಿದ್ದು ಖರೆ. ಕೈಲೇ ಗಂಟು ಹಾಕಿ ನೇಯ್ದೀನ್ರಿ, ಸೀರಿ ತಿರುವಿದ್ರ ಕಾಣತೈತಿ. ಬೆಟಗೇರಿಗೆ ಬರ್ರಿ, ಮಗ್ಗ ನೋಡಿ ಚಹಾ ಕುಡದ ಹೋಗ್ರಿ.' ಜೊತೆಗೆ ಆ ಗಂಟಿನ ಫೋಟೊ.

ಅವನು ಮತ್ತೇನೋ ಕೊಂಕು ನುಡಿದ. "ಒಮ್ಮೆ ಹೇಳಿದ್ದಾತು, ಇನ್ನ ಬಿಡು" ಎಂದರು ಅತ್ತೆ. ನನ್ನ ಬೆರಳು ತುರಿಸುತ್ತಿತ್ತು. ಆದರೂ ಬಿಟ್ಟೆ.

ಆಗ ಮುಂಡರಗಿಯ ಟೀಚರೊಬ್ಬರು ನಮ್ಮಿಂದ ಕೊಂಡ ಸೀರೆ ತಿರುವಿ, ಅದರ ಗಂಟಿನ ಫೋಟೊ ಹಾಕಿದರು. ಅವರ ಹಿಂದೆಯೇ ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಗಂಟುಗಳೋ ಗಂಟುಗಳು! ಸಂದೇಹಪಟ್ಟಿದ್ದ ಗಿರಾಕಿಯೂ ತಮ್ಮದೊಂದು ಹಾಕಿದರು. ನಾನು ಅಡುಗೆಮನೆಯಲ್ಲಿ ಕುಣಿದಾಡಿಬಿಟ್ಟೆ. ಅತ್ತೆ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿ, "ಇದು ನನ್ನ ಗಂಟು" ಎಂದು ಗುರುತು ಹಿಡಿದರು.

ಮರುದಿನ ವಿಡಿಯೊ ಮಾಡುವಾಗ ಎಳೆಯೊಂದು ಹರಿಯಿತು. ಹರಿದದ್ದು ಕಾಣದಿರಲೆಂದು ರೂಢಿಯಂತೆ ಫೋನು ಕೆಳಗಿಳಿಸಿದೆ.

"ಬಂದ್ ಮಾಡಬ್ಯಾಡ," ಎಂದರು ಅತ್ತೆ, "ಹತ್ರ ಹಿಡಿ."