ತಾರೀಖಿಲ್ಲದ ಫೋಟೊಗಳು

ಫೋಟೊ ತೆಗೆಯುವುದೇ ಆ ಮನೆಯ ಯಜಮಾನರ ಕಸುಬು. ಕ್ಯಾಮೆರಾವನ್ನು ಮಾತ್ರ ಹೆಂಡತಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಂದು ಕಂಪ್ಯೂಟರಿನಲ್ಲಿದ್ದ ಮನೆಯ ಫೋಟೊಗಳ ಗುಡ್ಡೆಯನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿದರು. ತೆಗೆದ ದಿನಾಂಕ ಫೋಟೊದೊಳಗೇ ಅಡಗಿರುತ್ತದೆ; ಅದನ್ನು ಓದಿ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳಿಗೊಂದು ಮಾಡಿ ಸಾಗಿಸು ಎಂದು ಆಜ್ಞೆ ಬರೆದರು. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಆದರೆ ಕೆಲವು ಫೋಟೊಗಳು ಇದ್ದಲ್ಲೇ ಉಳಿದಿದ್ದವು.

"ದರಿದ್ರದ್ದು, ಇವಕ್ಕೇನಾಯ್ತು?" ಎಂದು ರೇಗಿದರು.

ಹೆಂಡತಿ ಬಗ್ಗಿ ನೋಡಿದಳು. "ರೀ, ಎಲ್ಲದರಲ್ಲೂ ನೀವೇ ಇದ್ದೀರಲ್ಲ!"

ನೆಂಟರು ಫೋನಿನಲ್ಲಿ ತೆಗೆದು ಮನೆಯ ಗ್ರೂಪಿಗೆ ಹಾಕಿದ್ದ ಫೋಟೊಗಳವು. ಕಳಿಸುವಾಗ ಆ್ಯಪ್ ದಿನಾಂಕವನ್ನು ಅಳಿಸಿಹಾಕಿತ್ತು. ಸಾಗಿಹೋದ ಸಾವಿರಾರು ಫೋಟೊಗಳನ್ನು ತೆಗೆದವರು ಅವರೇ, ಒಂದರಲ್ಲೂ ಅವರಿರಲಿಲ್ಲ.

"ದಿನಾಂಕವನ್ನ ನಾನೇ ಬರೆದು ಸೇರಿಸ್ತೀನಿ. ಇದು ಯಾವತ್ತಿಂದು, ಹೇಳು."

"ಹೇಳ್ತೀನಿ. ಮೊದಲು ಆ ಕ್ಯಾಮೆರಾ ಇತ್ತ ಕೊಡಿ."

ಅವರು ಗೊಣಗಿಕೊಂಡೇ ಕೊಟ್ಟರು. ಆಕೆ ಅದನ್ನು ಅವರತ್ತ ಹಿಡಿದು ಕಣ್ಣಿಗಿಟ್ಟು, ಗುಂಡಿ ಒತ್ತುವ ಮುನ್ನ ಕೇಳಿದಳು:

"ಇದರಲ್ಲಿ ತಾರೀಖು ಸರಿಯಿದೆ ತಾನೆ?"