ಕಣ್ಣು ಮುಚ್ಚಿದ ಶುಭಾಶಯ

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಕಾವಲುಗಾರನಿಗೆ ಕೆಮ್ಮಪ್ಪ ಎಂದು ಹೆಸರಿಟ್ಟವಳು ನಾನೇ. ಬಂದ ಹೊಸತರಲ್ಲಿ ಅವನು ಗಂಟೆಗೊಮ್ಮೆ ಸುತ್ತು ಹೊಡೆಯುತ್ತ ಸೀಟಿ ಊದುತ್ತಿದ್ದ. ಮಗು ಎದ್ದುಬಿಡುತ್ತದೆ ಎಂದು ಮೂರನೇ ಮಹಡಿಯವರು ದೂರು ಬರೆದರು. ಸೀಟಿ ಬಿಟ್ಟ. ಸೀಟಿಯೇ ಕೇಳುವುದಿಲ್ಲ, ಮಲಗಿರಬೇಕು ಎಂದು ಐದನೇ ಮಹಡಿಯವರು ದೂರು ಬರೆದರು. ಬಡಪಾಯಿ, ಮಗುವೂ ಏಳದಂತೆ, ತಾನು ಎದ್ದಿರುವುದೂ ತಿಳಿಯುವಂತೆ ಕೆಮ್ಮಲು ಶುರುಮಾಡಿದ. ನೆಲಮಹಡಿಯಲ್ಲಿ ನಿದ್ದೆ ಬಾರದೆ ಬಿದ್ದುಕೊಂಡಿರುವ ನನಗೆ ಆ ಕೆಮ್ಮೇ ಗಡಿಯಾರ. ಯಜಮಾನರು ಇದ್ದಾಗ ಅವರ ಗೊರಕೆಯಲ್ಲಿ ಹೊತ್ತು ಲೆಕ್ಕ ಹಾಕುತ್ತಿದ್ದೆ, ಈಗ ಇದು.

ಅವನ ಹೆಂಡತಿ ನಮ್ಮಲ್ಲೇ ಮೆಟ್ಟಿಲು ಗುಡಿಸುತ್ತಾಳೆ. ಬೆಳಿಗ್ಗೆ ಏಳಕ್ಕೆ ಇವನ ಪಾಳಿ ಮುಗಿಯುತ್ತದೆ, ಏಳೂವರೆಗೆ ಅವಳ ಕೆಲಸ ಶುರು. ನಡುವೆ ಇಬ್ಬರೂ ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾರೆ. ಸಂಜೆ ಅವಳು ಮೂರು ಮನೆಯ ಪಾತ್ರೆ ತೊಳೆದು ಗೂಡು ಸೇರುವಷ್ಟರಲ್ಲಿ ಇವನು ಹೊರಟಿರುತ್ತಾನೆ. ಅವರ ಸಂಸಾರವೆಲ್ಲ ಆ ಅರ್ಧ ಗಂಟೆಯೇ. ಜಗಳವೂ ಅದರೊಳಗೇ ಮುಗಿಯಬೇಕು.

ಹಬ್ಬ ಬಂತು. ಕಾವಲಿನವರಿಗೆ ಎಲ್ಲ ನಿವಾಸಿಗಳ ಪರವಾಗಿ ಶುಭಾಶಯ ಕೋರಬೇಕೆಂದು ನಮ್ಮ ಕಾರ್ಯದರ್ಶಿಗೆ ಹೊಳೆಯಿತು. ಕೋರುವುದೆಂದರೆ ಹತ್ತಿರ ಹೋಗಿ ಬಾಯಿಬಿಟ್ಟು ಹೇಳುವುದಲ್ಲ, ಬ್ಯಾನರು ಕಟ್ಟುವುದು. ಎರಡೂ ಪಾಳಿಯವರು ಒಟ್ಟಿಗೆ ಸಿಗುವುದು ಬೆಳಗಿನ ಬದಲಾವಣೆಯ ಹೊತ್ತಿಗೆ ಮಾತ್ರ. ಕೆಮ್ಮಪ್ಪ ಟಾರ್ಚು, ಬೀಗದ ಕೈ ಒಪ್ಪಿಸಿ, ಏಳು ಗಂಟೆ ಐದು ನಿಮಿಷಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದ. ಫೋಟೋ ತೆಗೆಯಬೇಕೆಂದು ಅವನನ್ನೂ ಪ್ರವೇಶದ ಹಾಲಿನಲ್ಲಿ ಸಾಲಿಗೆ ನಿಲ್ಲಿಸಿದರು. ಅಧ್ಯಕ್ಷರ ಅಂಗಿ ಇಸ್ತ್ರಿಯಾಗಿರಲಿಲ್ಲ. ಖಜಾಂಚಿಗೆ ಬಾಚಣಿಗೆ ಸಿಗಲಿಲ್ಲ. ಬಾಚಲು ಏನಿತ್ತೋ ದೇವರಿಗೇ ಗೊತ್ತು. ಅಂತೂ ಫೋಟೋ ಹೊಡೆಯುವಾಗ ಕೆಮ್ಮಪ್ಪನ ಕಣ್ಣು ಮುಚ್ಚಿತು. ಅಷ್ಟರಲ್ಲಿ ಚಹಾ ಆರಿ, ಹೆಂಡತಿ ಪೊರಕೆ ಹಿಡಿದು ಮೇಲೆ ಹೋಗಿದ್ದಳು.

ಮಧ್ಯಾಹ್ನ ಗೇಟಿಗೆ ಬ್ಯಾನರು ಬಂತು. ಮೇಲೆ ಸಮಿತಿಯ ಮೂವರ ಮುಖ, ಒಂದೊಂದೂ ಬುಟ್ಟಿಯಷ್ಟು. ಕೆಳಗೆ ಕಾವಲಿನವರ ಸಾಲು, ಒಂದೊಂದು ಮುಖ ಬಿಸ್ಕತ್ತಿನಷ್ಟು. ‘ನಮ್ಮ ನೆಮ್ಮದಿಯ ನಿದ್ದೆಗೆ ಕಾರಣರಾದ ಕಾವಲುಗಾರರಿಗೆ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಬರಹದಲ್ಲಿ, ‘ನಿದ್ದೆ’ಯ ನೇರ ಕೆಳಗೆ ಕಣ್ಣು ಮುಚ್ಚಿ ನಿಂತ ಕೆಮ್ಮಪ್ಪ.

ಅದನ್ನೇ ನಿವಾಸಿಗಳ ಮೊಬೈಲ್ ಗುಂಪಿಗೂ ಹಾಕಿದರು. ಶುಭಾಶಯ ಯಾರಿಗೋ ಅವರ‍್ಯಾರೂ ಆ ಗುಂಪಿನಲ್ಲಿಲ್ಲ. ನಲವತ್ತು ಜನ ಕೈಮುಗಿಯುವ ಚಿತ್ರ ಒತ್ತಿದರಂತೆ. ಆಮೇಲೆ ಐದನೇ ಮಹಡಿಯವರು, ಯಾರ ನಿದ್ದೆಯಪ್ಪ ಇದು, ಎಂದು ಕೇಳಿದರಂತೆ. ಸೊಸೆ ಓದಿ ಹೇಳಿ ನಕ್ಕಳು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಕಾವಲಿನವರನ್ನು ಕಳಿಸುವ ಕಂಪನಿಯ ಮೇಲ್ವಿಚಾರಕ ಆ ಗುಂಪಿನಲ್ಲಿದ್ದ. ಅವನಿಗೆ ನಗು ಬರಲಿಲ್ಲ.

ಮಾರನೇ ಸಂಜೆ ಕಾಗದ ಹಿಡಿದು ಬಂದ. ಸಮವಸ್ತ್ರದಲ್ಲಿ ನಿದ್ದೆ, ಮೂರನೇ ದೂರು, ಸೋಮವಾರದಿಂದ ಊರಾಚೆಯ ಗೋದಾಮಿಗೆ ವರ್ಗ. ಅಲ್ಲಿಂದ ಬಸ್ಸು ಹಿಡಿದು ಬರುವಾಗ ಬೆಳಿಗ್ಗೆ ಒಂಬತ್ತಾಗುತ್ತದೆ. ಅರ್ಧ ಗಂಟೆಯ ಸಂಸಾರವೂ ಹೋಯಿತು. ಕೆಮ್ಮಪ್ಪ ಕಾಗದ ನೋಡಿ ಒಮ್ಮೆ ಕೆಮ್ಮಿದ, ಅಷ್ಟೇ.

ನಾನು ಗೇಟಿನ ಬೆಂಚಿನಲ್ಲೇ ಕೂತಿದ್ದೆ. ಓದಿದ್ದು ಮೂರನೇ ಕ್ಲಾಸು. ಗಡಿಯಾರ ನೋಡಲು ಅಷ್ಟು ಸಾಕು. ಬ್ಯಾನರಿನ ಫೋಟೋದಲ್ಲಿ ಕಾವಲಿನವರ ತಲೆಯ ಮೇಲುಗಡೆ ಹಾಲಿನ ಗೋಡೆ ಗಡಿಯಾರವೂ ಕಾಣುತ್ತಿತ್ತು.

“ಸಾಹೇಬ್ರೆ, ಅಲ್ಲಿ ಎಷ್ಟು ಗಂಟೆ ಓದಿ.”

“ಎಂಟಕ್ಕೆ ಹತ್ತು ನಿಮಿಷ ಇದೆ. ರಾತ್ರಿ ಎಂಟಕ್ಕೆ ಅವನು ಡ್ಯೂಟಿಲೇ ಇರ್ಬೇಕಲ್ವಾ ಅಜ್ಜಿ.”

“ಅವನ ಕಾಲ ಹತ್ರ ನೆಲದ ಮೇಲೆ ಬಿದ್ದಿರೋದು ಏನು? ಬಿಸಿಲು. ರಾತ್ರಿ ಎಂಟಕ್ಕೂ ಬಿಸಿಲಿದ್ರೆ ನಿಮ್ಮ ಕಾವಲು ಯಾಕಪ್ಪ ಬೇಕು ನಮಗೆ?”

ರಿಜಿಸ್ಟರ್ ತರಿಸಿದೆ. ಏಳು ಐದಕ್ಕೆ ಸಹಿ. ಪಾಳಿ ಮುಗಿದವನನ್ನು ಮುಕ್ಕಾಲು ಗಂಟೆ ನಿಲ್ಲಿಸಿಕೊಂಡವರು ಯಾರು ಎಂದು ಕೇಳಿದಾಗ, ಅಲ್ಲೇ ನಿಂತಿದ್ದ ಕಾರ್ಯದರ್ಶಿ ತನ್ನ ಚಪ್ಪಲಿಯನ್ನು ಹೊಸದಾಗಿ ಕಂಡವನಂತೆ ನೋಡಿಕೊಂಡ. ಸಮಿತಿ ಬರೆದುಕೊಟ್ಟರೆ ಮಾತ್ರ ವರ್ಗ ರದ್ದು ಎಂದ ಮೇಲ್ವಿಚಾರಕ.

“ಬರಿ ಮಗಾ,” ಅಂದೆ ಕಾರ್ಯದರ್ಶಿಗೆ. “ಇಲ್ಲಾಂದ್ರೆ ಆ ಗುಂಪಲ್ಲಿ ಗಡಿಯಾರದ ವಿಷಯ ನನ್ನ ಸೊಸೆ ಬರೀತಾಳೆ.”

ಬರೆದ. ಹೊಸ ಬ್ಯಾನರಿಗೆ ದುಡ್ಡು ಹಾಕಲು ಮನಸ್ಸು ಬರದೆ, ಕೆಮ್ಮಪ್ಪನ ರೆಪ್ಪೆಯ ಮೇಲೆ ಕಪ್ಪು ಪೆನ್ನಿನಲ್ಲಿ ಎರಡು ಕಣ್ಣು ಬಿಡಿಸಿದ. ಈಗ ಅವನು ದೆವ್ವ ಕಂಡವನ ಹಾಗೆ ಗೇಟು ನೋಡುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಖುದ್ದಾಗಿ ಶುಭಾಶಯ ಹೇಳಲು ಇಳಿದುಬಂದ. ಕೆಮ್ಮಪ್ಪ ಸಹಿ ಹಾಕಿ ತಲೆಯೆತ್ತಿದ.

“ಸಾರ್, ಏಳು ಐದಾಯ್ತು. ಸಂಜೆ ಏಳರ ಮೇಲೆ ಬಂದು ಹೇಳಿ.”

ಪಂಪಿನ ಕೋಣೆಯ ಕಡೆ ನಡೆದ. ಐದು ನಿಮಿಷ ತಡವಾಯಿತೆಂದು ಹೆಂಡತಿ ಆಗಲೇ ಬೈಯುತ್ತಿದ್ದಳು.