ಹಠ ಮಾಡದ ಮಗು ಉಣ್ಣುತ್ತಿರಲಿಲ್ಲ

ಆಗ ನಮ್ಮ ಮನೆಯಲ್ಲಿ ಐದು ವರ್ಷದ ಮಕ್ಕಳು ಇಬ್ಬರಿದ್ದರು. ಒಬ್ಬ ನನ್ನ ಮಗ. ಇನ್ನೊಬ್ಬಳು ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಮಗಳು. ಆಂಧ್ರದ ಗಡಿಯ ಪೆದ್ದಹರಿವಾಣಂನಲ್ಲಿ ಒಂದೇ ಮನೆ, ಒಂದೇ ಒಲೆ. ನಾನು ದಿನಾ ಬಸ್ಸಿನಲ್ಲಿ ಆದವಾನಿಗೆ ಹೋಗಿ ಹತ್ತಿ ಮಾರ್ಕೆಟ್ಟಿನ ಕಚೇರಿಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದೆ. ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗನ ಊಟದ ಜಗಳ ಶುರುವಾಗುತ್ತಿತ್ತು.

ಅವನಿಗೆ ಅನ್ನದ ಮೇಲೆ ಸಾರು ಬೀಳಬಾರದು. ಬಿದ್ದರೆ ಆ ತಟ್ಟೆಯನ್ನೇ ಮುಟ್ಟುತ್ತಿರಲಿಲ್ಲ. ಒಣ ಮಂಡಕ್ಕಿ ಬೊಗಸೆಗಟ್ಟಲೆ ತಿನ್ನುತ್ತಿದ್ದ. ಅದನ್ನೇ ನೆನೆಸಿ ಉಗ್ಗಾನಿ ಮಾಡಿದರೆ ಅದರ ಮೆತ್ತನೆಗೆ ಓಕರಿಸುತ್ತಿದ್ದ. ಬಾಳೆಹಣ್ಣಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅಳು. ಬದನೆಕಾಯಿ ಕುದಿಯುವ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದ. ಅಂಗಿಯ ಕಾಲರಿನ ಚೀಟಿ ಚುಚ್ಚುತ್ತದೆಂದು ಅದನ್ನೂ ನಾನು ಕತ್ತರಿಸಿ ಕೊಡಬೇಕಿತ್ತು.

"ದುಡಿಯೋಕ ಹೋಗೋ ತಾಯಿಗೆ ಮಗನ ಬಾಯಿ ನೋಡಾಕ ಪುರುಸೊತ್ತೆಲ್ಲೈತಿ?" ಎಂದು ಅತ್ತೆ ನೆರೆಯವರ ಮುಂದೆ ಹೇಳುತ್ತಿದ್ದರು. "ಆಕಿ ನೋಡು, ಆ ಕೂಸು. ಕುಂದ್ರಿಸಿದಲ್ಲೇ ಕುಂತಿರತೈತಿ. ಒಂದು ಹಠ ಇಲ್ಲ."

ನಿಜ, ನೆಗೆಣ್ಣಿಯ ಮಗಳು ಹಠ ಮಾಡುತ್ತಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಎಲ್ಲರ ಕಣ್ಣೂ ನನ್ನ ಮಗನ ಮೇಲೆ ಇರುತ್ತಿದ್ದುದರಿಂದ ಅವಳ ತಟ್ಟೆಯಲ್ಲಿ ಏನು ಉಳಿಯುತ್ತದೆಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಅಷ್ಟು ದಣಿದಿರುತ್ತಿದ್ದೆ.

ಕೊನೆಗೆ ಒಂದು ದಿನ ರಜೆ ಹಾಕಿ ಮಗನನ್ನು ಆದವಾನಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ನೆಗೆಣ್ಣಿಗೆ ಬಜಾರಿನಲ್ಲಿ ಮಗಳಿಗೆ ಫ್ರಾಕು ಕೊಳ್ಳುವುದಿತ್ತು, ತಾಯಿ ಮಗಳಿಬ್ಬರೂ ಜೊತೆಗೆ ಬಂದರು. ಹಳೆಯ ಫ್ರಾಕುಗಳೆಲ್ಲ ಹಿಗ್ಗಿ ಸಡಿಲವಾಗಿವೆ ಎಂದು ನೆಗೆಣ್ಣಿ ಬಸ್ಸಿನಲ್ಲಿ ಹೇಳಿದಳು. ನಾನು ಹೂಂಗುಟ್ಟಿದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. ಮಗನ ತೂಕ, ಎತ್ತರ ನೋಡಿ ನಾನು ತಂದಿದ್ದ ಲಸಿಕೆ ಕಾರ್ಡಿನ ಹಳೆಯ ತೂಕಗಳ ಜೊತೆ ಹೋಲಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಉಣ್ಣುವಾಗ ಕೆಮ್ಮುತ್ತಾನಾ, ಹೊಟ್ಟೆನೋವು ಅಂತಾನಾ, ಮಲಬದ್ಧತೆ ಐತಾ, ಮೊದಲು ತಿನ್ನುತ್ತಿದ್ದುದನ್ನು ಒಂದೊಂದಾಗಿ ಬಿಡುತ್ತಾ ಬಂದಾನಾ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ತಿನ್ನುವುದನ್ನೆಲ್ಲ ಹೇಳು ಅಂದರು. ಒಣ ಅನ್ನ, ಗರಿಗರಿ ರೊಟ್ಟಿ, ಮಂಡಕ್ಕಿ, ಹುರಿದ ಶೇಂಗಾ, ಮೊಟ್ಟೆ, ಗಟ್ಟಿ ಮೊಸರು, ಗಜ್ಜರಿ, ಸೌತೆಕಾಯಿ, ಪೇರಲ. ಹೇಳುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು, ಇಷ್ಟೆಲ್ಲ ತಿನ್ನುತ್ತಾನಲ್ಲ ಎಂದು.

"ಇದು ರೋಗ ಅಲ್ಲಮ್ಮ" ಅಂದರು ಅವರು. "ಇವನ ನಾಲಿಗಿ, ಮೂಗು, ಚರ್ಮ ಎಲ್ಲಾ ಸ್ವಲ್ಪ ಸೂಕ್ಷ್ಮ. ತೂಕ ತನ್ನ ದಾರಿಯಲ್ಲೇ ಏರ್ತಾ ಐತಿ, ರಕ್ತ ಕಮ್ಮಿ ಇದ್ದಂಗ ಕಾಣಲ್ಲ, ಎಲ್ಲಾ ತರದ್ದೂ ಒಂದಿಷ್ಟು ತಿಂತಾನ. ಹೊಸದನ್ನ ಒಂದು ಚೂರು ತಟ್ಟೀ ಅಂಚಿಗಿಡು. ತಿನ್ನು ಅನಬ್ಯಾಡ, ಬೈಯಬ್ಯಾಡ. ಮುಟ್ಟಲಿ, ಮೂಸಲಿ. ಎಷ್ಟೋ ಸಲ ಇಟ್ಟ ಮ್ಯಾಲ ಒಂದಿನ ಬಾಯಿಗೆ ಹಾಕ್ಯಾನು."

"ಹಂಗಾರ ರೋಗ ಯಾವುದಕ್ಕಂತಾರ್ರಿ?" ಎಂದು ಕೇಳಿದೆ.

"ಎಷ್ಟು ಹಠ ಮಾಡ್ತಾನ ಅನ್ನೋದರ ಮ್ಯಾಲ ಅಲ್ಲ. ಉಣ್ಣದ ಕಾರಣಕ್ಕ ಮಗುಗೆ ಏನಾಗೇತಿ ಅನ್ನೋದರ ಮ್ಯಾಲ. ತೂಕ ನಿಂತರ, ಇಳಿದರ, ರಕ್ತ ಕಮ್ಮಿ ಆದರ, ಬರೀ ಹಾಲಿನ ಮ್ಯಾಲೇ ಬದುಕಿದರ, ನಾಲ್ಕು ಮಂದಿ ಜೊತಿ ಕುಂತು ಉಣ್ಣಾಕ ಆಗದಿದ್ದರ. ಇಂಥ ಸೂಕ್ಷ್ಮದ ಹುಡುಗರಿಗೂ ಅಲ್ಲೀವರೆಗೆ ಹೋಗಬಹುದು. ಇವನಿಗೆ ಹೋಗಿಲ್ಲ."

ಅಷ್ಟು ಹೇಳಿ ಅವರು ನೆಗೆಣ್ಣಿಯ ಮಡಿಲಲ್ಲಿದ್ದ ಮಗುವನ್ನು ನೋಡಿದರು. ಆಮೇಲೆ ಮಗುವಿನ ತೋಳು ಹಿಡಿದು ನೋಡಿದರು.

"ಈ ಪಾಪು ಏನ್ ತಿಂತಾಳಮ್ಮ?"

"ಆಕಿದೇನಿಲ್ರಿ, ಹಾಲು ಕುಡೀತಾಳ, ಹಾಲಾಗ ಅದ್ದಿದ ಬಿಸ್ಕೀಟು, ಗಂಜಿ" ಅಂದಳು ನೆಗೆಣ್ಣಿ. "ಆಕಿ ಹಠ ಮಾಡಂಗಿಲ್ರಿ."

"ಮೊದಲಿಂದಾನೂ ಇಷ್ಟೇನಾ?"

ಇಲ್ಲ ಎಂದು ನೆಗೆಣ್ಣಿ ತಲೆಯಾಡಿಸಿದಳು. ಮಗಳು ಮೊದಲು ಎಲ್ಲವನ್ನೂ ತಿನ್ನುತ್ತಿದ್ದಳು. ತವರೂರು ಮಾಧವರಂನಲ್ಲಿ ನೆಗೆಣ್ಣಿಯ ಅಣ್ಣಂದಿರು ಕುರಿ ಸಾಕಿದ್ದಾರೆ. ದಸರೆಗೆ ಹೋದಾಗ ಅಲ್ಲಿ ಮಗುವಿನ ಗಂಟಲಲ್ಲಿ ಮಟನ್ ತುಂಡು ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತ್ತಂತೆ, ಬೆನ್ನಿಗೆ ಗುದ್ದಿದ ಮೇಲೆ ಹೊರಗೆ ಬಂತಂತೆ. ಅದನ್ನು ಅವಳು ಆಗ ಹೇಳಿದಳು. ನನಗೂ ಅದು ಗೊತ್ತಿರಲಿಲ್ಲ.

ಡಾಕ್ಟರು ಮಗುವಿಗೆ ಒಂದು ಬಿಸ್ಕೀಟು ಕೊಟ್ಟರು. ಅವಳು ತುದಿಯನ್ನಷ್ಟೇ ಕಚ್ಚಿ ಕೆನ್ನೆಯೊಳಗೆ ಇಟ್ಟುಕೊಂಡಳು. ನುಂಗಲಿಲ್ಲ. ಕೈ ಮೆಲ್ಲಗೆ ಕತ್ತಿನ ಹತ್ತಿರ ಹೋಯಿತು.

"ಯಾಕಮ್ಮ ಬಂಗಾರ?"

"ಸಿಕ್ಕೊಂತೈತಿ" ಅಂದಳು, ಕೇಳಿಸಿಯೂ ಕೇಳಿಸದ ಹಾಗೆ.

ತೂಕ ನೋಡಿದರು. ಹೋದ ವರ್ಷ ಅಂಗನವಾಡಿಯಲ್ಲಿ ನೋಡಿದ್ದಕ್ಕಿಂತ ಕಮ್ಮಿ ಇತ್ತು. ರಕ್ತ ಪರೀಕ್ಷೆಗೆ ಕಳಿಸಿದರು. ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಹೋಗಿ ಮೊದಲು ಗಂಟಲು, ಅನ್ನನಾಳ ಸರಿ ಇದೆಯಾ ತೋರಿಸಬೇಕು, ಸರಿ ಇದ್ದರೆ ಇದು ಭಯದಿಂದ ಬಂದ ಉಣ್ಣುವ ತೊಂದರೆ, ಅದಕ್ಕೂ ಚಿಕಿತ್ಸೆ ಇದೆ, ತಡಮಾಡಬೇಡಿ ಎಂದರು.

ಫ್ರಾಕು ಕೊಳ್ಳಲಿಲ್ಲ. ವಾಪಸ್ ಬಸ್ಸಿನಲ್ಲಿ ನೆಗೆಣ್ಣಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ, "ಅಕ್ಕಾ, ನಿನ್ನ ಮಗನ್ನ ತೋರಿಸಾಕ ಹೋಗಿದ್ವಿ, ನನ್ನ ಮಗಳಿಗೆ ರೋಗ ಹಚ್ಚಿಸ್ಕೊಂಡು ಬಂದ್ವಿ" ಅಂದಳು. ನನ್ನ ಮಗ ಚೆನ್ನಾಗಿದ್ದಾನೆ ಎಂದು ಕೇಳಿದ ಸಮಾಧಾನ ಆ ಹೊತ್ತಿಗೆ ಎಲ್ಲೋ ಹೋಗಿತ್ತು.

ಅತ್ತೆ ನಂಬಲಿಲ್ಲ. "ಹಠ ಮಾಡೋನಿಗೆ ಏನಿಲ್ಲಂತ, ಸುಮ್ಮನಿರೋ ಕೂಸಿಗೆ ರೋಗಂತ" ಎಂದು ಮಗುವನ್ನು ತೊಡೆಯ ಮೇಲೆ ಕೆಡವಿ ಕಲಸಿದ ಅನ್ನ ತುರುಕಿದರು. ಮಗು ಉಸಿರು ಬಿಗಿಹಿಡಿದು ನಡುಗಿತು, ಎಲ್ಲವನ್ನೂ ಕಾರಿಕೊಂಡಿತು. ಮರುದಿನ ಗಂಜಿಯನ್ನೂ ಮುಟ್ಟಲಿಲ್ಲ. ಆಗ ನೆಗೆಣ್ಣಿಯೇ ನನ್ನ ಹತ್ತಿರ ಬಂದು, "ಅಕ್ಕಾ, ಕರ್ನೂಲಿಗೆ ನೀನೂ ಬಾ, ನನಗ ಒಬ್ಬಾಕಿಗೆ ಆಗಂಗಿಲ್ಲ" ಅಂದಳು.

ಹೋದೆವು. ಆಮೇಲೂ ಹೋಗುತ್ತಲೇ ಇದ್ದೆವು. ಎಮ್ಮಿಗನೂರಿನ ದಾರಿಯ ಆ ಬಸ್ಸು, ಆಸ್ಪತ್ರೆಯ ಬೆಂಚು, ಸರದಿ, ಮತ್ತೆ ಬಸ್ಸು. ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಗಂಟಲಲ್ಲಿ, ಅನ್ನನಾಳದಲ್ಲಿ ಏನೂ ತಡೆ ಇರಲಿಲ್ಲ. ರಕ್ತ ಕಮ್ಮಿ ಇತ್ತು, ಅದಕ್ಕೆ ಟಾನಿಕ್ಕು, ತೂಕಕ್ಕೆ ಹಾಲಿನಲ್ಲಿ ಕಲಸುವ ಪುಡಿ. ಉಣ್ಣುವುದನ್ನು ಕಲಿಸುವ ಒಬ್ಬ ಹುಡುಗಿ ಮಗುವನ್ನು ಕನ್ನಡಿಯ ಮುಂದೆ ಕೂರಿಸಿ, ಅಗಿಯುವುದು ಹೇಗೆ, ನುಂಗುವುದು ಹೇಗೆ ಎಂದು ಆಟದ ಹಾಗೆ ತೋರಿಸುತ್ತಿದ್ದಳು. ಗಂಜಿ ಸಲೀಸಾದ ಮೇಲೆ ಸ್ವಲ್ಪ ಗಟ್ಟಿ ಗಂಜಿ, ಆಮೇಲೆ ನುಣ್ಣಗೆ ಹಿಸುಕಿದ ಅನ್ನ. ಮಗು ಹೆದರಿದರೆ ಹಿಂದಿನ ಮೆಟ್ಟಿಲಿಗೆ ಬರುವುದು. ಒತ್ತಾಯ ಮಾತ್ರ ಯಾರೂ ಮಾಡಬಾರದು. ಅದನ್ನು ಅತ್ತೆಗೆ ತಿಳಿಸಿ ಹೇಳುವುದರಲ್ಲೇ ನಮ್ಮಿಬ್ಬರ ಅರ್ಧ ಶಕ್ತಿ ಹೋಗುತ್ತಿತ್ತು. ನೆಗೆಣ್ಣಿಯ ಮಗಳು ಕೆಲವು ವಾರ ಮುಂದೆ ಹೋಗುತ್ತಿದ್ದಳು, ಒಂದು ಕೆಮ್ಮು ಬಂದರೆ ಮತ್ತೆ ಹಾಲಿಗೆ ಇಳಿಯುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಇಡ್ಲಿ ತಿಂದಳು. ಬೇಳೆ ಅನ್ನ ತಿಂದಳು. ತೂಕ ಮೆಲ್ಲಗೆ ಏರುತ್ತಿದೆ ಅಂದರು ಕರ್ನೂಲಿನವರು. ರೊಟ್ಟಿಯನ್ನು ಈಗಲೂ ನೆನೆಸಿಯೇ ಕೊಡಬೇಕು. ಮಟನ್ ತಂದ ದಿನ ಅವಳು ಅಡುಗೆಮನೆಯ ಕಡೆ ಬರುವುದಿಲ್ಲ. ಇನ್ನೂ ಎಷ್ಟು ಕಾಲ ಎಂದು ನೆಗೆಣ್ಣಿ ಕೇಳಿದರೆ, ಅವಸರ ಬೇಡ ಅನ್ನುತ್ತಾರೆ.

ಹಾಗಾಗಿ ನಮ್ಮ ಒಲೆಯ ಮೇಲೆ ಒಬ್ಬನಿಗೆ ಒಣದ್ದು, ಒಬ್ಬಳಿಗೆ ಮೆತ್ತನೆಯದು, ಉಳಿದವರಿಗೆ ಬೇರೆ. ಮೊನ್ನೆ ಇಬ್ಬರನ್ನೂ ಉಣ್ಣಿಸಿ ಎಬ್ಬಿಸಿದ ಮೇಲೆ ನೆಗೆಣ್ಣಿ ಗೋಡೆಗೊರಗಿ, "ಅಕ್ಕಾ, ನಾವು ಉಂಡಿಲ್ಲಲ್ಲ" ಅಂದಳು. ಅನ್ನ ಆರಿಹೋಗಿತ್ತು. ಬಿಸಿ ಮಾಡಲು ಇಬ್ಬರೂ ಏಳಲಿಲ್ಲ. ಹಾಗೇ ಹಾಕಿಕೊಂಡು ಉಂಡೆವು.